ಇಂಜಿನ್ ಪುಸ್ತಕದ ಸುಗಂಧಾಬಾಯಿ

ನಿಪ್ಪಾಣಿಯಲ್ಲಿ ಹೆದ್ದಾರಿಯ ಪಕ್ಕ, ತಂಬಾಕಿನ ವಖಾರಿಗಳ ಸಾಲು ಮುಗಿಯುವ ಕಡೆ, ಅಣ್ಣಾಸಾಬರ ಇಂಜಿನ್ ಕಾರ್ಖಾನೆ ಇತ್ತು. ಬಾವಿಯಿಂದ ಹೊಲಕ್ಕೆ ನೀರೆತ್ತುವ ಡೀಸೆಲ್ ಇಂಜಿನ್‌ಗಳು ಅಲ್ಲಿ ತಯಾರಾಗುತ್ತಿದ್ದವು. ಅಲ್ಲಿಗೆ ಹೋಗಿ ಸುಗಂಧಾಬಾಯಿ ಯಾರು ಎಂದು ಕೇಳಿದರೆ ಜನ ಮೊದಲು ನಗುತ್ತಿದ್ದರು, ಆಮೇಲೆ ಕೈ ತೋರಿಸುತ್ತಿದ್ದರು. ನಗುವುದಕ್ಕೆ ಕಾರಣವಿತ್ತು. ಪ್ರತಿ ಇಂಜಿನ್ನಿನ ಜೊತೆ ರೈತನಿಗೆ ಕೊಡುವ ಕನ್ನಡ ಪುಸ್ತಕವನ್ನು ಬರೆಯುವವಳು ಆಕೆ. ಆ ಪುಸ್ತಕದಲ್ಲಿ ನಾಲ್ಕು ಸಾಲಿನೊಳಗೆ ‘ಹ್ಯಾಂಡಲ್’ ಎಂಬ ಮಾತು ಆರು ಸಲ ಬರುತ್ತಿತ್ತು. ಒಂದು ಸಲ ಹ್ಯಾಂಡಲ್ ಎಂದ ಮೇಲೆ ಮುಂದೆ ‘ಅದು’ ಎಂದರೆ ಯಾರಿಗೆ ತಿಳಿಯುವುದಿಲ್ಲ? ಚಿಕ್ಕೋಡಿಯ ಅಚ್ಚುಕೂಟದವನು ಅದನ್ನೇ ಕೇಳಿ ಕೇಳಿ ಸೋತಿದ್ದ. ‘ಅದು’ ‘ಇದು’ ಎಂಬ ಎರಡು ಮಾತುಗಳಿಗೆ ಆ ಪುಸ್ತಕದಲ್ಲಿ ಪ್ರವೇಶವೇ ಇರಲಿಲ್ಲ.

ನಗುವವರು ನಗಲಿ. ಆ ಹೆಂಗಸು ಹಾಗೆ ಬರೆಯುವುದನ್ನು ಎಲ್ಲಿ ಕಲಿತಳು, ಕಲಿಯುವುದಕ್ಕೆ ಏನು ತೆತ್ತಳು ಎಂಬುದು ನಕ್ಕವರಿಗೆ ಗೊತ್ತಿರಲಿಲ್ಲ.

ಸುಗಂಧಾ ಏಕಸಂಬಿಯ ಜೈನ ಒಕ್ಕಲುತನದ ಮನೆಯವಳು. ಹತ್ತನೆಯ ಇಯತ್ತೆ ಮುಗಿಸಿ, ಚಿಕ್ಕೋಡಿಯಲ್ಲಿ ಟೈಪಿಂಗ್ ಕಲಿತಳು. ಮದುವೆಯ ಮಾತು ನಡೆದಿದ್ದಾಗ ತಂದೆ ತೀರಿಹೋದರು. ಮಾತು ಅಲ್ಲಿಗೇ ನಿಂತಿತು, ಮತ್ತೆ ಎತ್ತುವವರು ಬರಲಿಲ್ಲ. ತಾಯಿ ಲಕ್ಷ್ಮಿಬಾಯಿಯನ್ನು ಕರೆದುಕೊಂಡು ನಿಪ್ಪಾಣಿಗೆ ಬಂದು, ಎರಡು ಖೋಲಿಯ ಬಾಡಿಗೆ ಮನೆ ಹಿಡಿದು, ಅಣ್ಣಾಸಾಬರ ಆಫೀಸಿನಲ್ಲಿ ಕಾಗದಪತ್ರ ನೋಡುವ ಕೆಲಸಕ್ಕೆ ಸೇರಿದಳು. ಆಗ ಅವಳಿಗೆ ಇಪ್ಪತ್ತಾರು. ಹೆಣ್ಣು ಕೆಲಸಕ್ಕೆ ಬಂದರೆ ಕಾರ್ಖಾನೆ ಕೆಡುತ್ತದೆ ಎಂದವರೂ ಇದ್ದರು. ಕಾರ್ಖಾನೆ ಕೆಡಲಿಲ್ಲ, ಕಾಗದಗಳು ಮಾತ್ರ ಬೇಕೆಂದಾಗ ಸಿಗತೊಡಗಿದವು.

ಸಾವಿರದ ಒಂಬೈನೂರ ಎಂಬತ್ತೈದರಲ್ಲಿ ಅಣ್ಣಾಸಾಬರಿಗೆ ಒಂದು ವಿಚಾರ ಬಂತು. ಅವರ ಇಂಜಿನ್ ಜೊತೆಗೆ ಕೊಡುತ್ತಿದ್ದ ಪುಸ್ತಕ ಇಂಗ್ಲಿಷ್ ಮತ್ತು ಮರಾಠಿಯಲ್ಲಿತ್ತು. ನಿಪ್ಪಾಣಿಯಲ್ಲಿ ಮರಾಠಿ ನಡೆಯುತ್ತಿತ್ತು. ರಾಯಬಾಗ, ಅಥಣಿ ಕಡೆಯ ಹಳ್ಳಿಗಳಲ್ಲಿ ಓದುವವರಿಗೆ ಕನ್ನಡ ಬೇಕಿತ್ತು. “ಸುಗಂಧಾ, ನೀ ಕನ್ನಡ ಸಾಲ್ಯಾಗ ಕಲ್ತಾಕಿ. ಒಂದು ಪುಸ್ತಕಾ ಬರೀ. ಇಂಜಿನ್ ಬಗ್ಗೆ ಏನರ ಬೇಕಾದ್ರ ಮಾಳಸಿದ್ದನ್ನ ಕೇಳು” ಅಂದರು.

ಮಾಳಸಿದ್ದ ಕಾರ್ಖಾನೆಯ ಮಿಸ್ತ್ರಿ. ಕಾಗವಾಡದ ಹತ್ತಿರದ ಒಂದು ಹಳ್ಳಿಯ ಕುರುಬರ ಹುಡುಗ. ಮನೆಯವರೆಲ್ಲ ಕುರಿಯ ಹಿಂದೆ ಹೋದರೆ ಇವನು ಹದಿನಾಲ್ಕು ವರ್ಷದವನಿದ್ದಾಗ ಇಂಜಿನ್ನಿನ ಸಪ್ಪಳದ ಹಿಂದೆ ಬಂದವನು. ಮಾರಿದ ಇಂಜಿನ್‌ಗಳನ್ನು ಊರೂರಿಗೆ ಹೋಗಿ ಕೂಡಿಸುವುದು, ಚಾಲೂ ಮಾಡುವುದನ್ನು ರೈತರಿಗೆ ತೋರಿಸುವುದು ಅವನ ಕೆಲಸ. ಓದು ಬರಹ ಸೊನ್ನೆ. ಅಂಗಳದ ಆಚೆ ಓಡುವ ಇಂಜಿನ್ನಿನ ಸಪ್ಪಳ ಕೇಳಿ, ಯಾವ ಬೋಲ್ಟು ಸಡಿಲ ಎಂದು ಹೇಳುವಷ್ಟು ಕಿವಿ ಮಾತ್ರ ಇತ್ತು.

ಹೀಗೆ ಆ ಮಳೆಗಾಲದ ಮೂರು ವಾರ ಸುಗಂಧಾ ದಿನಾ ಮಧ್ಯಾಹ್ನ ಒಂದು ಸ್ಟೂಲು ತಂದು ಇಂಜಿನ್ನಿನ ಎದುರು ಕೂತಳು. ಮಾಳಸಿದ್ದ ಮಾಡಿ ತೋರಿಸುತ್ತ ಹೇಳಿದ, ಅವಳು ಬರೆದುಕೊಂಡಳು. ಅವನು “ಬಾಯಾರ, ಇಲ್ಲಿ ನೋಡ್ರಿ” ಅಂದರೆ ಅವಳು ನೋಡುತ್ತಿದ್ದಳು. ನಿಜ ಹೇಳಬೇಕೆಂದರೆ ಅವನು ಹೇಳದಿದ್ದಾಗಲೂ ನೋಡುತ್ತಿದ್ದಳು. ಎಣ್ಣೆ ಹಿಡಿದ ಆ ಬೆರಳುಗಳು ಕಬ್ಬಿಣವನ್ನು ಮುಟ್ಟುವಾಗ ಎಷ್ಟು ನಾಜೂಕಾಗಿದ್ದವು! ಮೂರನೆಯ ವಾರದ ಹೊತ್ತಿಗೆ ಅವಳಿಗೆ ತನ್ನ ಮನಸ್ಸು ತಿಳಿದಿತ್ತು. ತಿಳಿದು ಮಾಡುವುದೇನು? ಅವನದು ಒಂದು ಜಾತಿ, ಅವಳದು ಒಂದು. ಮನೆಯಲ್ಲಿ ತಾಯಿ ಸೂರ್ಯ ಮುಳುಗುವ ಮೊದಲು ಊಟ ಮುಗಿಸುವ ನೇಮದವಳು. ಸುಗಂಧಾ ಬಾಯಿ ಬಿಡಲಿಲ್ಲ, ಕಣ್ಣು ಮಾತ್ರ ಬಿಟ್ಟುಕೊಂಡೇ ಕೂತಳು.

ಆ ಇಂಜಿನ್ ಚಾಲೂ ಮಾಡುವ ರೀತಿ ಹೀಗೆ. ಮೇಲುಗಡೆ ಒಂದು ಪುಟ್ಟ ಲಿವರ್ ಇರುತ್ತದೆ. ಅದನ್ನು ಎತ್ತಿದರೆ ಸಿಲಿಂಡರಿನೊಳಗೆ ಗಾಳಿ ಒತ್ತಿಕೊಳ್ಳುವುದಿಲ್ಲ, ಇಂಜಿನ್ ಹಗುರಾಗಿ ತಿರುಗುತ್ತದೆ. ಆಗ ಬದಿಯ ಶಾಫ್ಟಿಗೆ ಹ್ಯಾಂಡಲ್ ಹಾಕಿ ಜೋರಾಗಿ ತಿರುಗಿಸಬೇಕು. ಭಾರದ ಚಕ್ರಕ್ಕೆ ವೇಗ ಬಂದ ಕೂಡಲೇ ಇನ್ನೊಂದು ಕೈಯಿಂದ ಲಿವರ್ ಕೆಳಗೆ ಬಿಡಬೇಕು. ಗಾಳಿ ಒತ್ತಿಕೊಂಡು ಡೀಸೆಲ್ ಹೊತ್ತಿ ಇಂಜಿನ್ ಓಡತೊಡಗುತ್ತದೆ. ಅಷ್ಟು ಹೊತ್ತೂ ಹ್ಯಾಂಡಲ್ ಹಿಡಿದ ಕೈ ಸಡಿಲ ಆಗಬಾರದು. ಇಂಜಿನ್ ಓಟ ಹಿಡಿದ ಮೇಲೆ ಹ್ಯಾಂಡಲನ್ನು ಶಾಫ್ಟಿನಿಂದ ಹೊರಗೆ ಎಳೆದುಕೊಳ್ಳಬೇಕು. ತಿರುಗುವ ಹ್ಯಾಂಡಲನ್ನು ನಡುವೆ ಕೈಬಿಟ್ಟರೆ ಅದು ಶಾಫ್ಟಿನ ಜೊತೆ ಸುತ್ತಿ, ಕಿತ್ತು ಹಾರಿ, ಎದುರಿಗಿದ್ದವರನ್ನು ಬಡಿಯಬಹುದು.

ಆ ಮಧ್ಯಾಹ್ನ ಮಾಳಸಿದ್ದ ಬಲಗೈಯಲ್ಲಿ ಹ್ಯಾಂಡಲ್ ತಿರುಗಿಸುತ್ತಿದ್ದ. ಎಡಗೈ ಹೆಬ್ಬೆರಳು ಲಿವರಿನ ಮೇಲಿತ್ತು. “ಲಿವರ್ ಎತ್ತಬೇಕ್ರಿ, ಹ್ಯಾಂಡಲ್ ತಿರುವಬೇಕ್ರಿ, ಸ್ಪೀಡ್ ಬಂತಂದ್ರ ಇದನ್ನ ಬಿಡಬೇಕ್ರಿ” ಅಂದು ಹೆಬ್ಬೆರಳಿನಿಂದ ಲಿವರ್ ಕೆಡವಿದ. ಇಂಜಿನ್ ಡಗಡಗ ಎಂದಿತು. ಅವನು ಅವಳ ಕಡೆ ನೋಡಿ ನಕ್ಕ.

ಸುಗಂಧಾ ಬರೆದಳು: “ಲಿವರ್ ಎತ್ತಿ, ಹ್ಯಾಂಡಲ್ ಹಾಕಿ ತಿರುಗಿಸಬೇಕು. ವೇಗ ಬಂದ ಕೂಡಲೇ ಇದನ್ನು ಬಿಡಬೇಕು.”

ಬರೆಯುವವಳ ಕಣ್ಣಿನೊಳಗೆ ಆ ಹೆಬ್ಬೆರಳು ಇತ್ತು. ಕಾಗದದ ಮೇಲೆ ಹೆಬ್ಬೆರಳು ಇರಲಿಲ್ಲ. ಇಷ್ಟು ಸಣ್ಣ ವಿಷಯ. ಅವಳೇ ಪ್ರೂಫ್ ತಿದ್ದಿದಳು, ನಾಲ್ಕು ಸಲ ಓದಿದಳು, ನಾಲ್ಕು ಸಲವೂ ಅವಳಿಗೆ ಆ ಸಾಲಿನಲ್ಲಿ ಲಿವರೇ ಕಂಡಿತು. ಪುಸ್ತಕ ಅಚ್ಚಾಗಿ ಬಂದ ದಿನ ಅಣ್ಣಾಸಾಬರು ಪೇಡೆ ಹಂಚಿದರು. ಮಾಳಸಿದ್ದ ಪುಸ್ತಕವನ್ನು ತಲೆಕೆಳಗಾಗಿ ಹಿಡಿದುಕೊಂಡು, “ಇದರಾಗ ಎಲ್ಲಾ ನನ್ನ ಮಾತs ಅದಾವೇನ್ರಿ ಬಾಯಾರ?” ಎಂದು ಕೇಳಿದ.

“ಎಲ್ಲಾ ನಿಮ್ಮ ಮಾತs ರಿ” ಅಂದಳು. ಅಷ್ಟು ಹೇಳುವುದರಲ್ಲಿ ಅವಳಿಗೆ ಮದುವೆಯಾದಷ್ಟು ಸಂತೋಷವಾಯಿತು. ಇಬ್ಬರದೂ ಸೇರಿ ಒಂದು ವಸ್ತು ಈ ಲೋಕಕ್ಕೆ ಬಂದಿತ್ತಲ್ಲ!

ಎರಡು ವರ್ಷ ಏನೂ ಆಗಲಿಲ್ಲ. ಆಗದಿರಲು ಕಾರಣ, ಪುಸ್ತಕವನ್ನು ಯಾರೂ ಓದುತ್ತಿರಲಿಲ್ಲ. ಮಾಳಸಿದ್ದ ಹೋಗಿ ತೋರಿಸುತ್ತಿದ್ದ, ರೈತರು ನೋಡಿ ಕಲಿಯುತ್ತಿದ್ದರು, ಪುಸ್ತಕ ಗೂಡಿನಲ್ಲಿ ಬೀಳುತ್ತಿತ್ತು. ಎಂಬತ್ತೇಳರ ಬೇಸಿಗೆಯಲ್ಲಿ ಕರೋಶಿಯ ದುರಗಪ್ಪ ಎಂಬುವನು ಒಂದು ಇಂಜಿನ್ ಕೊಂಡ. ಮಾಳಸಿದ್ದ ಅದನ್ನು ಬಾವಿಯ ದಂಡೆಯಲ್ಲಿ ಕೂಡಿಸಿ ದುರಗಪ್ಪನಿಗೆ ತೋರಿಸಿ ಬಂದ. ಎಂಟು ದಿನದ ಮೇಲೆ ದುರಗಪ್ಪ ಸಂಬಂಧಿಕರ ಊರಿಗೆ ಹೋದ. ಬದನೆ ಗಿಡ ಬಾಡುತ್ತಿದ್ದವು. ಅವನ ಹೆಂಡತಿ ಕೆಂಚವ್ವ ನಾಲ್ಕನೆಯ ಇಯತ್ತೆ ಓದಿದವಳು. ಪುಸ್ತಕವನ್ನು ಡೀಸೆಲ್ ಟಾಕಿಯ ಮೇಲೆ ಇಟ್ಟು, ಹಾರದಂತೆ ಕಲ್ಲು ಇಟ್ಟು, ಒಂದೊಂದೇ ಸಾಲು ಗಟ್ಟಿಯಾಗಿ ಓದಿ ಒಂದೊಂದೇ ಕೆಲಸ ಮಾಡಿದಳು. ಲಿವರ್ ಎತ್ತಿದಳು. ಹ್ಯಾಂಡಲ್ ತಿರುಗಿಸಿದಳು. ವೇಗ ಬಂತು. ಕೈಯಲ್ಲಿದ್ದದ್ದು ಹ್ಯಾಂಡಲ್. ಪುಸ್ತಕ ಹೇಳಿದಂತೆ ಬಿಟ್ಟಳು.

ಹ್ಯಾಂಡಲ್ ಎರಡು ಸುತ್ತು ತಿರುಗಿ ಹಾರಿ ಅವಳ ಬಲ ಮುಂಗೈಗೆ ಬಡಿಯಿತು. ಎಲುಬು ಎರಡು ಕಡೆ ಮುರಿಯಿತು.

ಸುದ್ದಿ ನಿಪ್ಪಾಣಿಗೆ ಬಂದ ದಿನ ಅಣ್ಣಾಸಾಬರು ಅಂಗಳದ ನಡುವೆ, ಎಲ್ಲರ ಎದುರು, ಮಾಳಸಿದ್ದನ ಮೇಲೆ ಹರಿಹಾಯ್ದರು. ದುರಗಪ್ಪ ಪುಸ್ತಕ ತಂದು ಅವರ ಟೇಬಲ್ಲಿನ ಮೇಲೆ ಎಸೆದು ಹೋಗಿದ್ದ.

“ಏನಲೇ ಮಾಳ್ಯಾ, ಏನ್ ಬರಸೀ ಪುಸ್ತಕದಾಗ? ಹ್ಯಾಂಡಲ್ ಬಿಡ್ರಿ ಅಂತ ಹೇಳೀ ಏನ? ಎಲ್ಲಾ ನೀ ಹೇಳಿದ್ದs ಬರದೈತಿ ಅದರಾಗ!”

ಮಾಳಸಿದ್ದ ತಲೆ ಎತ್ತಿದ. ಆಫೀಸಿನ ಬಾಗಿಲಲ್ಲಿ ನಿಂತಿದ್ದ ಸುಗಂಧಾಳ ಕಡೆ ಒಂದು ಸಲ ನೋಡಿದ. ಅವಳಿಗೆ ಆಗಿನ್ನೂ ಸಾಲು ಯಾವುದು, ತಪ್ಪು ಏನು ಎಂಬುದೇ ತಿಳಿದಿರಲಿಲ್ಲ. ಅಷ್ಟು ಜನರ ನಡುವೆ ಅವನ ಕಣ್ಣಿಗೆ ಕಣ್ಣು ಕೊಡಲಾಗದೆ ತಲೆ ತಗ್ಗಿಸಿದಳು. ಅವನು ಕೀಲಿ, ನಟ್ಟು ಬಿಚ್ಚುವ ಪಾನಾಗಳನ್ನು ಬೆಂಚಿನ ಮೇಲೆ ಇಟ್ಟು ಗೇಟು ದಾಟಿ ಹೋದ. ಅಣ್ಣಾಸಾಬರು ಹೋಗು ಎಂದಿರಲಿಲ್ಲ, ಇರು ಎಂದೂ ಅನ್ನಲಿಲ್ಲ.

ಸುಗಂಧಾ ಆ ದಿನವೇ ಪುಸ್ತಕ ತೆಗೆದು ನೋಡಿದಳು. ಆ ಸಾಲನ್ನು ಓದಿದಳು. ಅವಳಿಗೆ ಆಗಲೂ ಅಲ್ಲಿ ಲಿವರೇ ಕಂಡಿತು! ಮರುದಿನ ಬಸ್ಸು ಹಿಡಿದು ಕರೋಶಿಗೆ ಹೋದಳು. ಕೆಂಚವ್ವ ಕೈಗೆ ಪ್ಲಾಸ್ಟರು ಹಾಕಿಸಿಕೊಂಡು ಪಡಸಾಲೆಯಲ್ಲಿ ಕೂತಿದ್ದಳು. ಪುಸ್ತಕ ಬರೆದವಳು ತಾನೇ ಎಂದು ಸುಗಂಧಾ ಹೇಳಿದಾಗ ಕೆಂಚವ್ವ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

“ನೀವು ಬರದಂಗs ಮಾಡೇನ್ರೀ ಅಕ್ಕಾರ,” ಅಂದಳು ಕೆಂಚವ್ವ. “ಒಂದು ಅಕ್ಷರಾ ಬಿಟ್ಟಿಲ್ರಿ. ಕೈಯಾಗ ಹ್ಯಾಂಡಲ್ ಇತ್ತು. ಇದನ್ನ ಬಿಡಬೇಕು ಅಂದ್ರ, ಕೈಯಾಗ ಇದ್ದದ್ದನ್ನ ಬಿಡೂದಲ್ರೀ?”

ಆಗ ಸುಗಂಧಾಳಿಗೆ ಕಂಡಿತು. ಎರಡು ವಸ್ತುಗಳ ಹೆಸರು ಹೇಳಿ, ಆಮೇಲೆ ‘ಇದನ್ನು’ ಎಂದಿದ್ದಾಳೆ. ಓದುವವಳ ಕೈ ಯಾವುದರ ಮೇಲಿದೆಯೋ ಅದೇ ‘ಇದು’. ಹೊಳೆದದ್ದೇ ತಡ, ಅಲ್ಲೇ ಕೂತು ಪುಸ್ತಕವನ್ನು ಮೊದಲಿನಿಂದ ಓದಿದಳು. ಇಂಥವು ಹನ್ನೊಂದು ಸಿಕ್ಕವು. “ಹಳೆ ಆಯಿಲ್ ತೆಗೆದು, ಫಿಲ್ಟರ್ ಬಿಚ್ಚಿ ತೊಳೆದು, ಅದನ್ನು ಮತ್ತೆ ಹಾಕಬೇಕು” ಎಂದಿತ್ತು. ಏನನ್ನು ಹಾಕಬೇಕು? ಫಿಲ್ಟರನ್ನೋ, ಹಳೆ ಆಯಿಲನ್ನೋ? ರಾಯಬಾಗದ ಕಡೆಯ ಒಬ್ಬ ರೈತ ಕಪ್ಪಗಾದ ಹಳೆ ಆಯಿಲನ್ನೇ ಸೋಸಿ ಮತ್ತೆ ಹಾಕುತ್ತಿದ್ದಾನೆ ಎಂದು ಕಾರ್ಖಾನೆಯವರೆಲ್ಲ ಹಿಂದೊಮ್ಮೆ ನಕ್ಕಿದ್ದರು. ಆ ಪುಣ್ಯಾತ್ಮ ಪುಸ್ತಕ ಓದಿದ್ದ, ಅಷ್ಟೇ.

ನಿಪ್ಪಾಣಿಗೆ ಬಂದವಳೇ ಅಣ್ಣಾಸಾಬರ ಎದುರು ನಿಂತು, “ತಪ್ಪು ನಂದ್ರಿ. ಮಿಸ್ತ್ರಿದಲ್ಲ. ನನ್ನನ್ನ ತೆಗದು ಹಾಕ್ರಿ, ಅವರನ್ನ ಕರಸ್ರಿ” ಅಂದಳು. ಕೆಲಸ ಹೋದರೆ ತಾಯಿಯನ್ನು ಕಟ್ಟಿಕೊಂಡು ಎಲ್ಲಿಗೆ ಹೋಗಬೇಕೆಂಬುದು ಅವಳಿಗೆ ಗೊತ್ತಿರಲಿಲ್ಲ.

ಅಣ್ಣಾಸಾಬರು ಆ ಸಾಲನ್ನು ಓದಿದರು. “ಪುಸ್ತಕಾ ತಿದ್ದು. ಇದ್ದ ಪುಸ್ತಕಾ ಎಲ್ಲಾ ಸುಡಸ್ತೀನಿ. ಕೆಂಚವ್ವನ ದವಾಖಾನಿ ಖರ್ಚು ನಂದು. ಮಾಳ್ಯಾಗ ನಾ ಹೇಳಿ ಕಳಸ್ತೀನಿ, ನೀ ಚಿಂತಿ ಮಾಡಬ್ಯಾಡ,” ಅಂದರು.

ತಾವು ಮಾಡುತ್ತೇನೆಂದ ಮೂರು ಕೆಲಸಗಳಲ್ಲಿ ಮೊದಲ ಎರಡನ್ನು ಅವರು ಮಾಡಿದರು.

ಮಾಳಸಿದ್ದ ಬರಲಿಲ್ಲ. ಒಂದು ವಾರ, ಒಂದು ತಿಂಗಳು, ಒಂದು ದೀಪಾವಳಿ. ಗೇಟು ಕಿರುಗುಟ್ಟಿದಾಗಲೆಲ್ಲ ಸುಗಂಧಾ ತಲೆ ಎತ್ತುತ್ತಿದ್ದಳು. ಹೇಳಿ ಕಳಿಸಿದಿರಾ ಎಂದು ಎರಡು ಸಲ ಕೇಳಿದಳು. “ಹೇಳೇನಿ” ಅಂದರು ಅಣ್ಣಾಸಾಬರು. ಮೂರನೆಯ ಸಲ ಕೇಳಲು ನಾಚಿಕೆ ಅಡ್ಡ ಬಂತು. ಕನ್ಯೆಯಾಗಿ ಉಳಿದ ಹೆಣ್ಣು ಒಬ್ಬ ಮಿಸ್ತ್ರಿಯ ವಿಚಾರವನ್ನು ಎಷ್ಟು ಸಲ ಕೇಳಬಹುದು?

ಅಂಗಳದಲ್ಲಿ ಅವನು ನೋಡಿದ ಆ ನೋಟವನ್ನು ಅವಳು ಎತ್ತಿಟ್ಟುಕೊಂಡಳು. ತಪ್ಪು ಬರೆದವಳು ಅವಳೆಂದು ಅವನಿಗೆ ತಿಳಿದಿತ್ತು, ಅವಳ ಹೆಸರು ಬರಬಾರದೆಂದು ಬೈಗುಳ ನುಂಗಿಕೊಂಡು ಹೋದ, ಎಂದು ಅರ್ಥ ಮಾಡಿಕೊಂಡಳು. ಒಬ್ಬ ಗಂಡಸು ತನಗಾಗಿ ಇಷ್ಟು ಮಾಡಿದ ಎಂಬ ನೆನಪು ಅವಳ ಒಂಟಿ ದಿನಗಳಿಗೆ ಆಧಾರವಾಯಿತು. ಮಧ್ಯಾಹ್ನ ಹೊಸ ಇಂಜಿನ್ ಚಾಲೂ ಆದಾಗ ಊಟದ ಡಬ್ಬಿ ಮುಚ್ಚಿಟ್ಟು ಸಪ್ಪಳ ಕೇಳುತ್ತ ಕೂರುತ್ತಿದ್ದಳು. ಹಸಿವೆ ಅದರಲ್ಲಿ ಮರೆಯುತ್ತಿತ್ತು. ಬರಬಾರದೇ, ಒಂದು ಸಲ ಬಂದು “ಬಾಯಾರ, ಇಲ್ಲಿ ನೋಡ್ರಿ” ಅನ್ನಬಾರದೇ ಎಂದು ಅವಳ ಜೀವ ಹಂಬಲಿಸುತ್ತಿತ್ತು.

ಕೆಲಸವನ್ನು ಮಾತ್ರ ಅವಳು ಬಿಗಿ ಮಾಡಿದಳು. ಹೊಸ ಮಿಸ್ತ್ರಿ ಬಾಳಾಸಾಬ ಪುಸ್ತಕಕ್ಕೆ ಮಾತು ಹೇಳಲು ಬಂದ ದಿನ, “ಮಿಸ್ತ್ರಿ, ಎರಡೂ ಕೈ ಬೆನ್ನ ಹಿಂದ ಕಟ್ಟಿಕೊಂಡು ಹೇಳ್ರಿ” ಅಂದಳು. ಬಾಳಾಸಾಬ ಅವಳಿಗೆ ತಲೆ ಕೆಟ್ಟಿದೆ ಎಂದುಕೊಂಡ. ಕೈ ಕಟ್ಟಿಕೊಂಡು “ಮೊದಲ ಇದನ್ನ ಸಡ್ಲ ಮಾಡಬೇಕ್ರಿ…” ಎಂದು ಶುರು ಮಾಡಿದ.

“ಇದನ್ನ ಅಂದ್ರ ಯಾವುದನ್ನ?”

“ಇದs ರಿ…” ಬೆನ್ನ ಹಿಂದೆ ಕೈ ಒದ್ದಾಡಿತು. ಕೊನೆಗೆ “ಡೀಸೆಲ್ ಪೈಪಿನ ನಟ್” ಎಂಬ ಹೆಸರು ಬಾಯಿಂದ ಹೊರಟಿತು. ಬೆವರು ಒರೆಸಿಕೊಳ್ಳಲೂ ಅವನಿಗೆ ಅವಳ ಅಪ್ಪಣೆ ಬೇಕಾಯಿತು.

ಹಾಗೆ ಬರೆದ ಪುಸ್ತಕವನ್ನು, ಇಂಜಿನ್ ಮುಟ್ಟಿ ಗೊತ್ತಿಲ್ಲದವರ ಕೈಗೆ ಕೊಟ್ಟು ಓದಿಸುತ್ತಿದ್ದಳು. ಬಾಳಾಸಾಬ ಪಕ್ಕದಲ್ಲಿ ಕಾವಲು ನಿಲ್ಲುತ್ತಿದ್ದ. ಓದುವವರು ಎಲ್ಲಿ ಒಂದು ಕ್ಷಣ ತಡೆದರೋ ಅಲ್ಲಿ ಗೀಟು ಎಳೆಯುತ್ತಿದ್ದಳು. “ವೇಗ ಬಂದ ಕೂಡಲೇ ಎಡಗೈಯಿಂದ ಲಿವರ್ ಕೆಳಗೆ ಬಿಡಬೇಕು. ಬಲಗೈಯಿಂದ ಹ್ಯಾಂಡಲ್ ಬಿಡಬಾರದು. ಇಂಜಿನ್ ಓಡತೊಡಗಿದ ಮೇಲೆ ಹ್ಯಾಂಡಲನ್ನು ಶಾಫ್ಟಿನಿಂದ ಎಳೆದು ತೆಗೆಯಬೇಕು.” ಓದಲು ಒರಟು, ಕೇಳಲು ಬೇಸರ. ಆದರೆ ಆಮೇಲೆ ಆ ಪುಸ್ತಕ ಓದಿ ಯಾರ ಕೈಯೂ ಮುರಿಯಲಿಲ್ಲ.

ತೊಂಬತ್ತಾರರಲ್ಲಿ ಅವಳಿಗೆ ಮೂವತ್ತೆಂಟು ವರ್ಷ. ಕಾಗವಾಡದ ಡೀಲರ್ ದಾದಾಸಾಹೇಬರು ಯಾವುದೋ ಕಾಗದಕ್ಕೆ ಆಫೀಸಿಗೆ ಬಂದವರು ಚಹಾ ಕುಡಿಯುತ್ತ ಹರಟೆಗಿಳಿದರು.

“ನಮ್ಮ ಕಡೆ ಒಬ್ಬಾವ ಕುರಿ ಕಾಯಾವ ಅದಾನ್ರಿ ಬಾಯಾರ. ರಸ್ತಾದ ಮ್ಯಾಲಿಂದs ಇಂಜಿನ್ ಸಪ್ಪಳಾ ಕೇಳಿ ಇಂಥಾ ಕಡೆ ಇಂಥಾದ್ದು ಕೆಟ್ಟೈತಿ ಅಂತಾನ. ತಪ್ಪಂಗಿಲ್ಲ. ಆದ್ರ ಬಂದು ರಿಪೇರಿ ಮಾಡೋ ಮಾರಾಯಾ ಅಂದ್ರ ಮುಟ್ಟಂಗಿಲ್ಲ. ಕೈ ಹಿಂದ ಸರಿಸ್ತಾನ.”

ಸುಗಂಧಾ ಕೈಯಲ್ಲಿದ್ದ ಚಹಾದ ಬಸಿಯನ್ನು ಕೆಳಗಿಟ್ಟಳು. “ಯಾಕ ಮುಟ್ಟಂಗಿಲ್ಲಂತ?”

“ಯಾರಿಗೊತ್ರಿ? ನನ್ನಿಂದ ಒಬ್ಬ ಹೆಣ್ಣಮಗಳ ಕೈ ಹೋತು ಅಂತಾನಂತ.”

ನನ್ನಿಂದ! ಆ ಮಾತು ಅವಳಿಗೆ ತಾಕಿತು. ಅಣ್ಣಾಸಾಬರು ಹೇಳಿ ಕಳಿಸಿದ್ದರಲ್ಲ? ಅವನಿಗೆ ಗೊತ್ತಿರಬೇಕಲ್ಲ? ಒಂಬತ್ತು ವರ್ಷಗಳಲ್ಲಿ ಮೊದಲ ಸಲ ಅವಳು ತಾನು ಎತ್ತಿಟ್ಟುಕೊಂಡಿದ್ದ ಆ ನೋಟವನ್ನು ಸಂಶಯದಿಂದ ನೋಡಿದಳು. ಮರುದಿನ ಚಿಕ್ಕೋಡಿಯಲ್ಲಿ ಬಸ್ಸು ಬದಲಿಸಿ ಹೊರಟಳು. ಊರಿನ ಹೆಸರನ್ನು ಯಾರನ್ನೂ ಕೇಳಬೇಕಾಗಿರಲಿಲ್ಲ. ಹಾಜರಿ ಪುಸ್ತಕದಲ್ಲಿದ್ದ ಅವನ ವಿಳಾಸ ಅವಳಿಗೆ ಬಾಯಿಪಾಠವಿತ್ತು.

ಮಾಳಸಿದ್ದ ಮನೆಯ ಮುಂದೆ ಕುರಿಯ ಕಾಲಿನ ಮುಳ್ಳು ತೆಗೆಯುತ್ತ ಕೂತಿದ್ದ. ತಲೆ ಅರ್ಧ ಬೆಳ್ಳಗಾಗಿತ್ತು. ಅವಳನ್ನು ನೋಡಿ ಎದ್ದುನಿಂತ. ಕುರಿ ಕುಂಟುತ್ತ ಓಡಿಹೋಯಿತು.

“ಬಾಯಾರ?” ಅಂದ. “ಬರ್ರಿ. ಕೆಂಚವ್ವಾರ ಕೈ ಹೆಂಗೈತ್ರಿ?”

ಒಂಬತ್ತು ವರ್ಷದ ಮೇಲೆ ಅವನು ಕೇಳಿದ ಮೊದಲ ಮಾತು ಅದು. ಸುಗಂಧಾ ಎಷ್ಟೋ ಸಲ ಈ ಭೇಟಿಯನ್ನು ಮನಸ್ಸಿನಲ್ಲಿ ಆಡಿಸಿ ನೋಡಿದ್ದಳು. ಅವನು ಕೇಳಬಹುದಾದ ಎಷ್ಟೋ ಮಾತುಗಳಿಗೆ ಉತ್ತರ ಸಿದ್ಧ ಮಾಡಿಕೊಂಡಿದ್ದಳು. ಅವುಗಳಲ್ಲಿ ಕೆಂಚವ್ವ ಇರಲಿಲ್ಲ.

“ಕೂಡೈತಿ. ಸ್ವಲ್ಪ ಡೊಂಕಾಗೈತಿ, ಕೆಲಸಾ ಮಾಡ್ತಾಳ,” ಅಂದಳು.

ಅವನು ನಿಟ್ಟುಸಿರು ಬಿಟ್ಟ. ಅವನ ಹೆಂಡತಿ ಸಾವಕ್ಕ ಬಾಗಿಲಿಗೆ ಬಂದು ಕಂಬಳಿ ಹಾಸಿದಳು. ಚಹಾಕ್ಕೆ ಇಟ್ಟಳು. ಮದುವೆಯಾಗಿ ಎಂಟು ವರ್ಷವಾಯಿತೆಂದು ಮಾತಿನಲ್ಲಿ ತಿಳಿಯಿತು. ಸುಗಂಧಾ ಆ ವಿಷಯವನ್ನು ನುಂಗಿಕೊಂಡಳು. ನುಂಗಿದ್ದು ಒಳಗೆ ಇಳಿಯಲಿಲ್ಲ.

“ಅಣ್ಣಾಸಾಬರು ನಿಮಗ ಹೇಳಿ ಕಳಸಿದ್ರಲ್ರೀ?”

“ಏನಂತ್ರಿ?”

“ಪುಸ್ತಕದ್ದು. ತಪ್ಪು ನಿಮ್ಮದಲ್ಲ ಅಂತ.”

ಮಾಳಸಿದ್ದ ಅವಳನ್ನು ನೋಡಿದ. ಯಾರೂ ಏನೂ ಹೇಳಿ ಕಳಿಸಿರಲಿಲ್ಲ. ನಿಧಾನವಾಗಿ ಅಂದ, “ನಂದs ರಿ ತಪ್ಪು. ಪುಸ್ತಕದಾಗ ಎಲ್ಲಾ ನನ್ನ ಮಾತs ಇದ್ದೂವು, ನೀವs ಹೇಳಿದ್ರಿ. ಅಂದ್ರ ಅವತ್ತ ನಾನs ಬಾಯಿ ತಪ್ಪಿ ಹ್ಯಾಂಡಲ್ ಬಿಡ್ರಿ ಅಂದಿರಬೇಕು. ಎಷ್ಟ ನೆನಸಿದ್ರೂ ನೆನಪ ಆಗವಲ್ತು. ಸಾವಿರ ಸಲ ಮಾಡಿದ ಕೆಲಸ ಬಾಯಾಗ ತಪ್ಪತೈತಿ ಅಂದ್ರ, ಆ ಕೈನ ಹೆಂಗ ನಂಬೂದ್ರಿ? ಅದಕ್ಕs ಆ ದಿನಾ ನಿಮ್ಮ ಮಾರಿ ನೋಡಿದ್ನಿ. ನಾ ಹಂಗ ಅಂದಿದ್ನೋ ಇಲ್ಲೋ, ನಿಮಗೊಬ್ಬರಿಗೆ ಗೊತ್ತಿತ್ತು. ನೀವು ಮಾರಿ ತೆಳಗ ಹಾಕಿದ್ರಿ. ಅಂದ್ರ ಅಂದೇನಿ ಅಂತ ಆತು.”

ಆ ನೋಟ ಪ್ರಶ್ನೆಯಾಗಿತ್ತು. ಅವಳು ಅದನ್ನು ಕೊಡುಗೆ ಎಂದುಕೊಂಡು ಒಂಬತ್ತು ವರ್ಷ ಎದೆಗೆ ಒತ್ತಿಕೊಂಡಿದ್ದಳು. ಅದೇ ಒಂಬತ್ತು ವರ್ಷ ಇವನು ತನ್ನ ಕೈಯನ್ನೇ ನಂಬದೆ ಕುರಿ ಕಾದಿದ್ದ. ಸುಗಂಧಾಳಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಭೂಮಿ ಬಾಯಿ ಬಿಡುವುದಿಲ್ಲ, ನಾವೇ ಬಿಡಬೇಕು. ಅವಳು ಬಿಟ್ಟಳು.

“ನೀವು ಹ್ಯಾಂಡಲ್ ಅಂದಿರಲಿಲ್ರಿ ಮಿಸ್ತ್ರಿ. ಇದನ್ನ ಬಿಡಬೇಕು ಅಂದ್ರಿ. ಅನ್ನಾಗ ನಿಮ್ಮ ಹೆಬ್ಬಟ್ಟು ಲಿವರ್ ಮ್ಯಾಲಿತ್ತು. ನಾ ಕಣ್ಣಾರೆ ನೋಡಿದ್ನಿ. ನೋಡಿದ್ದನ್ನ ಬರೀಲಿಲ್ಲ, ಬರೀ ಕೇಳಿದ್ದನ್ನ ಬರದ್ನಿ. ಓದಾವರಿಗೆ ನಿಮ್ಮ ಬೆರಳು ಹೆಂಗ ಕಾಣಬೇಕು? ಲಿವರ್ ಅಂತ ಬರೀಬೇಕಾದಾಕಿ ನಾನು. ನಿಮ್ಮ ಬಾಯೂ ತಪ್ಪಿರಲಿಲ್ಲ, ಕೈಯೂ ತಪ್ಪಿರಲಿಲ್ಲ.”

“ಲಿವರ್ ಮ್ಯಾಲಿತ್ತು?”

“ಲಿವರ್ ಮ್ಯಾಲಿತ್ತು.”

ಅವನು ತನ್ನ ಎಡಗೈಯನ್ನು ಎತ್ತಿ ಹೆಬ್ಬೆರಳನ್ನು ನೋಡಿಕೊಂಡ. ಆ ಬೆರಳು ತಾನಾಗಿಯೇ ಕೆಳಗೆ ಒತ್ತುವಂತೆ ಮಡಚಿತು. ಅವನ ಮುಖ ಸೊಟ್ಟಗಾಯಿತು, ಭುಜಗಳು ಕುಲುಕಿದವು. ಗಂಡಸು ಅಳುವುದನ್ನು ನೋಡಬಾರದೆಂದು ಸುಗಂಧಾ ಆಚೆ ನೋಡಿದಳು. ಸಾವಕ್ಕ ಚಹಾದ ಪಾತ್ರೆ ಹಿಡಿದುಕೊಂಡು ಹೊಸ್ತಿಲಲ್ಲಿ ನಿಂತಿದ್ದಳು.

“ಅಕಿಗೂ ಹೇಳ್ರಿ,” ಅಂದ ಮಾಳಸಿದ್ದ. “ಸಾವಕ್ಕಗೂ ಒಂದ ಸಲ ಹೇಳ್ರಿ ಬಾಯಾರ. ನನ್ನ ಬಾಯಿಂದ ಹೇಳಿದ್ರ ಬ್ಯಾರೆ ಆಗತೈತಿ.”

ಸುಗಂಧಾ ಮತ್ತೆ ಮೊದಲಿನಿಂದ ಹೇಳಿದಳು, ಯಾವ ಕೈ ಎಲ್ಲಿತ್ತು, ತಾನು ಏನು ಬರೆದಳು, ಏನು ಬರೆಯಬೇಕಿತ್ತು. ಕೇಳಿ ಮುಗಿದಾಗ ಮಾಳಸಿದ್ದ ಎದ್ದ. “ದಾದಾಸಾಹೇಬರ ಅಂಗಡ್ಯಾಗ ಒಂದು ಇಂಜಿನ್ ಎಂಟು ದಿನದಿಂದ ನಿಂತೈತಿ. ನೋಡಿ ಬರ್ತೀನಿ,” ಅಂದು ತಲೆಗೆ ರುಮಾಲು ಸುತ್ತಿಕೊಂಡು ಹೊರಟೇಬಿಟ್ಟ. ಅವನಿಗೆ ಓಡುವಷ್ಟು ಅವಸರವಿತ್ತು. ಹೋಗುವಾಗ ತಿರುಗಿ ನೋಡುವುದು ಅವನಿಗೆ ಹೊಳೆಯಲೂ ಇಲ್ಲ. ಸುಗಂಧಾ ಅವನು ಹೋದ ದಾರಿಯನ್ನು, ಬೇಲಿಯ ತಿರುವಿನವರೆಗೂ ನೋಡಿದಳು.

ಸಾವಕ್ಕ ಬಸಿಗೆ ಚಹಾ ಸುರಿದು ಅವಳ ಮುಂದೆ ಇಟ್ಟಳು. ಸಿಟ್ಟು ಇರಲಿಲ್ಲ ಆ ದನಿಯಲ್ಲಿ, ದಣಿವು ಇತ್ತು.

“ನಿದ್ದ್ಯಾಗ ಕೈ ಝಾಡಸ್ತಿದ್ರು ರೀ ಅಕ್ಕಾರ. ನಮ್ಮ ಮಗಳು ಹುಟ್ಟಿದಾಗ ಎತ್ತಿಕೊಳ್ಳಾಕ ಅಂಜಿದ್ರು, ಎಲ್ಲಿ ಕೈಬಿಡ್ತೀನೋ ಅಂತ. ಒಂದ ಕಾರ್ಡ್ ಹಾಕಿದ್ರ ಸಾಕಿತ್ತಲ್ರೀ. ಓದಿ ಹೇಳಾಕ ಊರಾಗ ಮಾಸ್ತರ ಇದ್ರು.”

ಕಾರ್ಡು! ಸುಗಂಧಾ ಬರೆಯದೆ ಇದ್ದಿರಲಿಲ್ಲ. ಪ್ರತಿ ವರ್ಷ ಒಂದು ಕಾರ್ಡು ತಂದು ವಿಳಾಸ ಬರೆದು ಕೂರುತ್ತಿದ್ದಳು. ಲಿವರಿನ ಮಾತು ಎರಡು ಸಾಲಿನಲ್ಲಿ ಮುಗಿಯುತ್ತಿತ್ತು. ಅವನಿಗೆ ಗೊತ್ತಿದ್ದದ್ದನ್ನೇ ಮತ್ತೆ ಬರೆಯುವುದೇನು ಎಂದು ಅದನ್ನು ಬಿಡುತ್ತಿದ್ದಳು. ಉಳಿದ ಜಾಗದಲ್ಲಿ ಬರೆಯಬೇಕೆಂದಿದ್ದದ್ದು ಮಾಸ್ತರರು ಓದಿ ಹೇಳುವ ಮಾತಲ್ಲ. ಹೀಗೆ ಒಂಬತ್ತು ಕಾರ್ಡುಗಳನ್ನು ಹರಿದು ಒಲೆಗೆ ಹಾಕಿದ್ದಳು. ಆ ಎರಡು ಸಾಲನ್ನು ಮಾತ್ರ ಬರೆದು ಅಂಚೆ ಡಬ್ಬಿಗೆ ಹಾಕಲು ಅವಳ ಕೈಲಾಗಿರಲಿಲ್ಲ.

ಅದನ್ನು ಈ ಹೆಂಗಸಿಗೆ ಯಾವ ಬಾಯಿಂದ ಹೇಳುವುದು?

“ಹಾಕಬೇಕಿತ್ತವ್ವಾ,” ಅಂದಳು. “ತಪ್ಪಾತು.”

ಸಾವಕ್ಕ ತಲೆಯಾಡಿಸಿದಳು. ಚಹಾ ಆರಿಹೋಗುತ್ತದೆ, ಕುಡಿಯಿರಿ ಎಂದಳು. ಸುಗಂಧಾ ಕುಡಿದಳು.